ಅಂಗವಿಕಲರ ಮಾಸಾಶನ: ಶೇಕಡಾವಾರು ಲೆಕ್ಕ ತಿಳಿದಿರಲಿ



ನಿಮ್ಮ ಮನೆಯಲ್ಲಿ ಶಾಶ್ವತ ಅಂಗವಿಕಲತೆ ಇರುವವರು ರಾಜ್ಯ ಸರ್ಕಾರದ ಮಾಸಾಶನ ಪಡೆಯಲು ವೈದ್ಯಕೀಯ ಪ್ರಮಾಣಪತ್ರದಲ್ಲಿ ಕನಿಷ್ಠ ಶೇ. 40 ಅಂಗವಿಕಲತೆ ನಮೂದಾಗಿರಬೇಕು. ಶೇ. 75 ಮೀರಿದವರಿಗೆ ಮಾಸಾಶನದ ಮೊತ್ತ ಹೆಚ್ಚು. ಕುಟುಂಬದ ವರಮಾನದ ಮಿತಿಯೂ ಉಂಟು.

ಎರಡು ನ್ಯೂನತೆ ಇರುವವರು ಇಲ್ಲಿ ಎಡವುತ್ತಾರೆ. ಒಬ್ಬರಿಗೆ ಕಾಲಿನ ಊನ ಶೇ. 60, ಜೊತೆಗೆ ಒಂದು ಕಣ್ಣು ಪೂರ್ಣ ಕಾಣದ್ದರಿಂದ ಶೇ. 30 ಇದೆ ಎನ್ನಿ. ಕೂಡಿಸಿದರೆ 90 ಆಗುವುದೆಂದು ಭಾವಿಸಬೇಡಿ. 90ರಲ್ಲಿ ದೊಡ್ಡ ಅಂಕಿ 60 ಕಳೆದರೆ 30. ಅದನ್ನು ಚಿಕ್ಕ ಅಂಕಿ 30ರಿಂದ ಗುಣಿಸಿ 90ರಿಂದ ಭಾಗಿಸಿದರೆ 10. ಇದನ್ನು 60ಕ್ಕೆ ಸೇರಿಸಿದರೆ ಒಟ್ಟು ಶೇ. 70 ಮಾತ್ರ, ಹೆಚ್ಚಿನ ಮೊತ್ತ ಸಿಗದು.

ಆದರೆ ಕಾಲು ಶೇ. 35, ಕಣ್ಣು ಶೇ. 30 ಇದ್ದರೆ ಬೇರೆ ಬೇರೆಯಾಗಿ ಎರಡೂ 40ಕ್ಕೆ ಕಡಿಮೆ. ಒಟ್ಟಿಗೆ ಲೆಕ್ಕ ಹಾಕಿದರೆ ಸುಮಾರು 53. ಮೂಳೆ ವೈದ್ಯರು ಕಾಲನ್ನಷ್ಟೇ ನೋಡಿ ಬರೆದುಕೊಟ್ಟರೆ ಮಾಸಾಶನವೇ ತಪ್ಪುತ್ತದೆ. ಆದ್ದರಿಂದ ತಪಾಸಣೆಯ ದಿನವೇ ಎರಡೂ ನ್ಯೂನತೆ ತಿಳಿಸಿ, ಕಣ್ಣಿನ ವೈದ್ಯರಿಂದಲೂ ಪರೀಕ್ಷೆ ಮಾಡಿಸಿ. ಪ್ರಮಾಣಪತ್ರ ಕೈಗೆ ಬಂದಾಗ ಒಟ್ಟು ಶೇಕಡಾವಾರು ಮತ್ತು 'ಶಾಶ್ವತ' ಎಂಬ ನಮೂದನ್ನು ಓದಿ ನೋಡಿ, ನಂತರ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ.