ಮಲ್ಲಾಡಿಹಳ್ಳಿಯ ವ್ಯಾಯಾಮ ಮೇಷ್ಟ್ರು

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ ಎಂದರೆ ಈ ಸೀಮೆಯ ಹಿರಿಯರಿಗೆ ನೆನಪಾಗುವುದು ಅನಾಥಸೇವಾಶ್ರಮ ಮತ್ತು ರಾಘವೇಂದ್ರ ಸ್ವಾಮೀಜಿ. ಸ್ವಾಮೀಜಿ ಎನಿಸಿಕೊಳ್ಳುವ ಮೊದಲು ಅವರು ರಾಘವೇಂದ್ರ ರಾವ್. ಊರೂರು ತಿರುಗಿ ಯೋಗ ಶಿಬಿರ ನಡೆಸುತ್ತಿದ್ದ ವ್ಯಾಯಾಮ ಮೇಷ್ಟ್ರು. ನನಗೆ ಹೆಚ್ಚು ಪ್ರಿಯರಾದವರೂ ಆ ಮೇಷ್ಟ್ರೇ.

ಬಾರ್ಕೂರಿನಲ್ಲಿ ಬೆಳೆದ ಅವರು ಕಲಿಕೆಗಾಗಿ ದೇಶ ಸುತ್ತಿದರು. ಬರೋಡದಲ್ಲಿ ರಾಜರತ್ನ ಮಾಣಿಕ್‌ರಾವ್ ಅವರ ವ್ಯಾಯಾಮಶಾಲೆ, ಯೋಗಕ್ಕೆ ಪಳನಿ ಸ್ವಾಮಿಗಳು, ಆಯುರ್ವೇದಕ್ಕೆ ದೂರದ ಲಾಹೋರ್. ಸೂರ್ಯನಮಸ್ಕಾರವನ್ನು ಮನೆಮನೆಗೆ ಮುಟ್ಟಿಸಲು ಹೊರಟಿದ್ದ ಔಂಧ್ ಸಂಸ್ಥಾನದ ರಾಜರ ಸಂಪರ್ಕವೂ ಅವರಿಗಿತ್ತು. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಯೋಗ ಗುರುವಿನ ವೇಷದಲ್ಲಿ ತಿರುಗುತ್ತ ಯುವಕರಿಗೆ ಕಸರತ್ತು ಕಲಿಸಿದ ಅವರ ಕಥೆ, ಮಾರ್ಕ್ ಸಿಂಗಲ್ಟನ್ 2010ರಲ್ಲಿ ಪ್ರಕಟಿಸಿದ ‘ಯೋಗ ಬಾಡಿ’ ಗ್ರಂಥದಲ್ಲಿ ‘ತಿರುಕ’ ಎಂಬ ಅವರ ಕಾವ್ಯನಾಮದಡಿ ಬರುತ್ತದೆ. 1943ರಲ್ಲಿ ಮಲ್ಲಾಡಿಹಳ್ಳಿಯಲ್ಲಿ ಆಶ್ರಮ ನೆಲೆಗೊಂಡಿತು. ಜೋಳಿಗೆ ಹಿಡಿದು ಬೇಡಿ ತಂದದ್ದರಿಂದಲೇ ಶಾಲೆ, ಆಸ್ಪತ್ರೆ, ಆಯುರ್ವೇದ ಕಾಲೇಜು, ವ್ಯಾಯಾಮ ಶಿಕ್ಷಕರ ತರಬೇತಿ ಎಲ್ಲ ಬೆಳೆದವು.

ಅಲ್ಲಿ ತರಬೇತಿ ಪಡೆದು ನಿವೃತ್ತರಾದ ಡ್ರಿಲ್ ಮೇಷ್ಟ್ರೊಬ್ಬರು ಹೊಸದುರ್ಗದ ಕಡೆಯ ಶಾಲಾ ಮೈದಾನದಲ್ಲಿ ಈಗಲೂ ಬೆಳಗಿನ ಪಾಠ ಮಾಡುತ್ತಾರೆ. ಅವರ ಮುಂದೆ ನಿಲ್ಲುವವರು ಹೈಸ್ಕೂಲು ಹುಡುಗರು, ಪೊಲೀಸ್ ಭರ್ತಿಗೆ ತಯಾರಾಗುವ ಯುವಕರು, ಸಕ್ಕರೆ ಕಾಯಿಲೆಯ ಹಿರಿಯರು. ಎಲ್ಲರಿಗೂ ಸೂರ್ಯನಮಸ್ಕಾರದ ಹನ್ನೆರಡು ಎಣಿಕೆಯೇ ಪಾಠ. ಆದರೆ ಎಲ್ಲರಿಗೂ ಹನ್ನೆರಡೂ ಇಲ್ಲ.

ಅವರು ಹೆಚ್ಚು ಹೊತ್ತು ನಿಲ್ಲಿಸುವುದು ಆರನೆಯ ಎಣಿಕೆಯಲ್ಲಿ, ಸಾಷ್ಟಾಂಗದಲ್ಲಿ. ಎರಡು ಪಾದದ ಬೆರಳು, ಎರಡು ಮಂಡಿ, ಎರಡು ಅಂಗೈ, ಎದೆ, ಗದ್ದ: ಇಷ್ಟೇ ನೆಲ ಮುಟ್ಟಬೇಕು. ಹೊಟ್ಟೆ ಮೇಲೆಯೇ ಉಳಿಯಬೇಕು. ಐದನೆಯ ಎಣಿಕೆಯಲ್ಲಿ ಬಿಟ್ಟ ಉಸಿರನ್ನು ಇಲ್ಲಿ ಒಳಗೆ ಎಳೆಯುವಂತಿಲ್ಲ. ಹೊಸಬರ ಹೊಟ್ಟೆ ಮೊದಲು ನೆಲಕ್ಕೆ ಬೀಳುತ್ತದೆ. ತೋಳಿನಲ್ಲಿ ಶಕ್ತಿಯಿಲ್ಲ ಎಂದು ಅವರೇ ತಿಳಿದುಕೊಳ್ಳುತ್ತಾರೆ. ಮೇಷ್ಟ್ರು ಮಾತ್ರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೊಣಕೈ ನೋಡುತ್ತಾರೆ. ಅಂಗೈ ತೀರಾ ಮುಂದಿದ್ದರೆ ಎದೆ ಕೈಗಳ ನಡುವೆ ಇಳಿಯುವುದಿಲ್ಲ, ಮೊಣಕೈ ಹೊರಗೆ ಚಾಚುತ್ತದೆ, ಮೈಯೆಲ್ಲ ಒಟ್ಟಿಗೆ ಕುಸಿಯುತ್ತದೆ. ಅಲ್ಲಿಂದಲೇ ಏಳನೆಯ ಎಣಿಕೆಗೆ, ಭುಜಂಗಾಸನಕ್ಕೆ ಎದ್ದರೆ ಬೆನ್ನಿನ ಮೇಲ್ಭಾಗ ಬಾಗುವ ಬದಲು ಸೊಂಟವೇ ಎಲ್ಲ ಭಾರ ಹೊರುತ್ತದೆ. ಸೊಂಟ ಹಿಡಿದುಕೊಂಡು ಮನೆಗೆ ಹೋದವರು ಏಳನೆಯದನ್ನು ದೂರುತ್ತಾರೆ. ತಪ್ಪು ಆರನೆಯದರಲ್ಲೇ ಆಗಿರುತ್ತದೆ.

ಒಬ್ಬ ಹುಡುಗನ ಅಂಗೈಯನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಸರಿಸಿ, “ಮೊದ್ಲು ಮಂಡಿ ಊರಪ್ಪಾ, ಆಮೇಲೆ ಎದಿ. ಅವಸರ ಬ್ಯಾಡ” ಎಂದರು. ಎರಡನೆಯ ಸುತ್ತಿಗೇ ಹೊಟ್ಟೆ ಮೇಲೆ ನಿಂತಿತು.

ಒಂಬತ್ತನೆಯದು ಇನ್ನೊಂದು ಕಷ್ಟ. ಹಿಂದಿದ್ದ ಕಾಲು ಕೈಗಳ ನಡುವೆ ಬರಬೇಕು. ಅರ್ಧಕ್ಕೇ ನಿಂತರೆ ಜನ ಕೈಯಿಂದ ಕಾಲನ್ನು ಎಳೆದುಕೊಳ್ಳುತ್ತಾರೆ. ಅದಕ್ಕೆ ಮೇಷ್ಟ್ರ ಅಡ್ಡಿಯಿಲ್ಲ, ತಿಂಗಳೊಪ್ಪತ್ತಿನಲ್ಲಿ ಸರಿಯಾಗುತ್ತದೆ ಎನ್ನುತ್ತಾರೆ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರಿಗೆ, ಹರ್ನಿಯಾ ಅಥವಾ ಬೆನ್ನಿನ ಡಿಸ್ಕ್ ತೊಂದರೆ ಇದ್ದವರಿಗೆ ಮಾತ್ರ ಬಗ್ಗುವುದೇ ಬೇಡ. ಅವರು ನಿಂತಲ್ಲೇ ಕೈ ಎತ್ತಿ ಇಳಿಸುತ್ತ ಉಸಿರನ್ನು ಎಣಿಕೆಗೆ ಹೊಂದಿಸಿಕೊಂಡರೆ ಅವತ್ತಿನ ಪಾಠ ಮುಗಿಯಿತು.

ಇಡೀ ಮೈದಾನವನ್ನು ಒಂದೇ ಎಣಿಕೆಯಲ್ಲಿ ನಡೆಸುತ್ತಲೇ ಒಬ್ಬೊಬ್ಬರ ಮೊಣಕೈ ನೋಡುವ ಈ ಕಣ್ಣು ಮಲ್ಲಾಡಿಹಳ್ಳಿಯದು ಎಂದು ಅವರು ಹೇಳುತ್ತಾರೆ. ಈಶಾ ಫೌಂಡೇಶನ್ನಿನ ಜಗ್ಗಿ ವಾಸುದೇವ್ ಅವರೂ ಬಾಲ್ಯದಲ್ಲಿ ತಮಗೆ ಸರಳ ಆಸನಗಳನ್ನು ಕಲಿಸಿದವರು ಮಲ್ಲಾಡಿಹಳ್ಳಿ ಸ್ವಾಮಿಗಳೆಂದು ಹೇಳಿಕೊಂಡಿದ್ದಾರೆ. ಆ ಹೆಸರು ದೊಡ್ಡದು, ಸರಿ. ಆದರೆ ಹಿರಿಯೂರು, ಚಿತ್ರದುರ್ಗದ ಕಡೆಯ ಸರ್ಕಾರಿ ಶಾಲೆಗಳಿಗೆ ಸೀಟಿ ಕೊರಳಿಗೆ ಹಾಕಿಕೊಂಡು ಹೋದ ಹೆಸರಿಲ್ಲದ ಡ್ರಿಲ್ ಮೇಷ್ಟ್ರುಗಳೇ ಸ್ವಾಮೀಜಿಯ ನಿಜವಾದ ಶಿಷ್ಯಪರಂಪರೆ ಎಂಬುದು ನನ್ನ ನಂಬಿಕೆ.

ಸ್ವಾಮೀಜಿ ನೂರು ದಾಟಿ 1996ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಕೈಕೆಳಗೆ ಕಲಿತವರಿಗೂ ಈಗ ವಯಸ್ಸಾಗಿದೆ. ಜೂನ್ 21 ಹತ್ತಿರ ಬಂದಾಗ ಈ ಮೇಷ್ಟ್ರಿಗೆ ಕರೆ ಬರುತ್ತದೆ. “ಒಂದು ವಾರದಾಗೆ ಹನ್ನೆರಡೂ ಕಲಿಸಿಕೊಡಿ ಸಾರ್ ಅಂತಾರೆ. ಐದರ ತನಕ ಕಲಿಸ್ತೀನಿ, ಉಳಿದದ್ದಕ್ಕೆ ಜುಲೈಗೆ ಬರ್ರಿ ಅಂತೀನಿ” ಎಂದರು. ಜುಲೈಯಲ್ಲಿ ಎಷ್ಟು ಜನ ಬರುತ್ತಾರೆ ಎಂದು ಕೇಳಿದೆ. ಹೋದ ವರ್ಷ ಇಬ್ಬರು ಬಂದಿದ್ದರಂತೆ. ಅವರಲ್ಲೊಬ್ಬಳು ಈಗ ಮುಂದಿನ ಸಾಲಿನಲ್ಲಿ ನಿಂತು ಎಣಿಕೆ ಹೇಳುತ್ತಾಳೆ.