ಲಾಭಾಂಶವೋ, ಷೇರುಗಳ ಮರುಖರೀದಿಯೋ: ಷೇರುದಾರನ ಸಂಪತ್ತಿನ ದೃಷ್ಟಿಯಿಂದ

ಕಂಪನಿಯೊಂದು ತನ್ನಲ್ಲಿ ಉಳಿದ ಹಣವನ್ನು ಷೇರುದಾರರಿಗೆ ಲಾಭಾಂಶವಾಗಿ ಹಂಚಬಹುದು. ಇಲ್ಲವೇ ತನ್ನ ಷೇರುಗಳನ್ನೇ ಕೊಂಡು ರದ್ದುಪಡಿಸಬಹುದು. ಭಾರತದಲ್ಲಿ ಎರಡನೆಯ ಮಾರ್ಗಕ್ಕೆ ಅವಕಾಶ ದೊರೆತುದು ಕಂಪನಿ ಕಾಯಿದೆಯ 1999ರ ತಿದ್ದುಪಡಿಯಿಂದ. ಇವೆರಡರಲ್ಲಿ ಷೇರುದಾರನಿಗೆ ಹಿತವಾವುದು?

ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಕಂಪನಿಯೊಂದಿದೆಯೆಂದು ಕಲ್ಪಿಸಿಕೊಳ್ಳೋಣ. ಅದರ ಮೌಲ್ಯ 10 ಕೋಟಿ ರೂಪಾಯಿ. ಅದರಲ್ಲಿ 1 ಕೋಟಿ ನಗದು. ಷೇರುಗಳು 10 ಲಕ್ಷ. ತಲಾ ಬೆಲೆ 100 ರೂಪಾಯಿ. ಆ ನಗದನ್ನು ಲಾಭಾಂಶವಾಗಿ ಹಂಚಿದರೆ ಷೇರೊಂದಕ್ಕೆ 10 ರೂಪಾಯಿ ಬರುತ್ತದೆ, ಷೇರಿನ ಬೆಲೆ 90ಕ್ಕೆ ಇಳಿಯುತ್ತದೆ. ಕೈಗೆ ಬಂದುದು ಬೆಲೆಯಿಂದಲೇ ಹೋಯಿತು.

ಅದೇ ಹಣದಿಂದ ಕಂಪನಿಯು 125 ರೂಪಾಯಿಯ ದರದಲ್ಲಿ 80,000 ಷೇರುಗಳನ್ನು ಮರಳಿ ಕೊಂಡಿತೆನ್ನೋಣ. ಉಳಿದ 9,20,000 ಷೇರುಗಳ ಒಟ್ಟು ಮೌಲ್ಯ 9 ಕೋಟಿ. ತಲಾ ಸುಮಾರು 97.83. ಮಾರಿದವರು ಗಳಿಸಿದ 20 ಲಕ್ಷವನ್ನು ಮಾರದೆ ಉಳಿದವರೇ ತೆತ್ತಿದ್ದಾರೆ. ಎಲ್ಲರೂ ಸಮಪ್ರಮಾಣದಲ್ಲಿ ಮಾರಿದರೆ ಯಾರಿಗೂ ಲಾಭವಿಲ್ಲ: ನೂರು ಷೇರುಳ್ಳವನು ಎಂಟನ್ನು ಮಾರಿ 1,000 ರೂಪಾಯಿ ಪಡೆದರೆ, ಅವನಲ್ಲಿ ಉಳಿದ 92ರ ಮೌಲ್ಯ 9,000. ಷೇರುಗಳ ಸಂಖ್ಯೆ ಕುಗ್ಗಿದುದರಿಂದ ತಲಾ ಗಳಿಕೆ ಏರಿ ಕಾಣುವುದುಂಟು. ಆದರೆ ಅದು ಸಂಪತ್ತಿನ ವೃದ್ಧಿಯಲ್ಲ.

ಹಾಗಾದರೆ ನಿಜವಾದ ವ್ಯತ್ಯಾಸವೆಲ್ಲಿ? ಯಾರು ಮಾರುತ್ತಾರೆ ಮತ್ತು ತೆರಿಗೆಯನ್ನು ಯಾರು ತೆರುತ್ತಾರೆ ಎಂಬುದರಲ್ಲಿ. ಬೆಂಗಳೂರಿನ ಇನ್ಫೋಸಿಸ್ 2025ರಲ್ಲಿ 1,800 ರೂಪಾಯಿಯ ದರದಲ್ಲಿ 10 ಕೋಟಿ ಷೇರುಗಳನ್ನು ಕೊಳ್ಳುವುದಾಗಿ ಪ್ರಕಟಿಸಿತು. ಒಟ್ಟು 18,000 ಕೋಟಿ. ಪ್ರವರ್ತಕರು ಪಾಲ್ಗೊಳ್ಳಲಿಲ್ಲ. ನಿಯಮದಂತೆ ಶೇಕಡ 15ರಷ್ಟನ್ನು ಎರಡು ಲಕ್ಷ ರೂಪಾಯಿ ಮೀರದ ಷೇರುಗಳುಳ್ಳ ಸಣ್ಣ ಷೇರುದಾರರಿಗೆ ಮೀಸಲಿರಿಸಲಾಗಿತ್ತು. ಅವರಿಗೆ ದೊರೆತ ಹಕ್ಕು ಪ್ರತಿ ಹನ್ನೊಂದಕ್ಕೆ ಎರಡು ಷೇರು. ಇತರರದು ಇದಕ್ಕಿಂತ ಬಹಳ ಕಡಮೆ. ಆದುದರಿಂದ ಹೆಚ್ಚಿನ ಬೆಲೆಯ ಪ್ರಯೋಜನವು ಸಣ್ಣವರತ್ತ ವಾಲಿತ್ತು.

ಆದರೆ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದು ಆಗ ಅನ್ವಯವಾಗುತ್ತಿದ್ದ ನಿಯಮದಂತೆ, ಮರುಖರೀದಿಯ ಸಂಪೂರ್ಣ ಮೊತ್ತವೇ ಲಾಭಾಂಶವೆನಿಸುತ್ತಿತ್ತು. 110 ಷೇರುಗಳ ಒಡೆಯನೊಬ್ಬನು 20ನ್ನು ಮಾರಿದರೆ ಬರುವುದು 36,000 ರೂಪಾಯಿ. ಶೇಕಡ 30ರ ದರದಲ್ಲಿ ತೆರಿಗೆ 10,800 ಕಳೆದು, ಉಪಕರ ಬಿಟ್ಟು, ಉಳಿಯುವುದು 25,200. ಪೇಟೆಯ ಬೆಲೆ 1,500 ಎಂದಿಟ್ಟುಕೊಂಡರೆ ಅಲ್ಲಿಯೇ ಮಾರಿದವನಿಗೆ 30,000 ಬರುತ್ತಿತ್ತು. ತೆರಿಗೆ ಲಾಭದ ಭಾಗಕ್ಕೆ ಮಾತ್ರ. ಷೇರುಗಳ ಕೊಂಡ ಬೆಲೆಯನ್ನು ಬಂಡವಾಳ ನಷ್ಟವೆಂದು ಎಂಟು ವರ್ಷ ಮುಂದೊಯ್ಯಬಹುದಾಗಿತ್ತು. ಆದರೆ ವಜಾ ಮಾಡಿಕೊಳ್ಳಲು ಬೇರೆ ಬಂಡವಾಳ ಲಾಭವಿಲ್ಲದವನಿಗೆ ಅದು ನಿರುಪಯೋಗಿ. ತೆರಿಗೆಯ ಮಿತಿಗೊಳಗಾಗದ ಅಲ್ಪ ಆದಾಯದವನಿಗಾದರೋ 6,000 ರೂಪಾಯಿ ಅಧಿಕ ದೊರೆಯುತ್ತಿತ್ತು.

ಹೀಗೆ ಒಂದೇ ಕೊಡುಗೆ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಆದಕಾರಣ ಮರುಖರೀದಿಯ ಬೆಲೆಯೊಂದನ್ನೇ ನೋಡದೆ, ಷೇರಿನ ನಿಜಮೌಲ್ಯ, ತನ್ನ ಹಕ್ಕಿನ ಪ್ರಮಾಣ, ತನ್ನ ತೆರಿಗೆ ಈ ಮೂರನ್ನೂ ತೂಗಿ ನೋಡತಕ್ಕದ್ದೆಂದು ನಮ್ಮ ಅಭಿಪ್ರಾಯ.