ಪಂಪ್‌ಸೆಟ್ ವಾರಂಟಿ: ಶರತ್ತುಗಳು ಸ್ಪಷ್ಟವಾಗಿರಲಿ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ವರ್ತಕ ಬಂಧುಗಳಲ್ಲಿ ಕೃಷಿ ಯಂತ್ರೋಪಕರಣಗಳ ಮಾರಾಟಗಾರರು ಸಾಕಷ್ಟು ಸಂಖ್ಯೆಯಲ್ಲಿದ್ದಾರೆ. ಸವಣೂರಿನ ಎಲೆಬಳ್ಳಿಯಾಗಲಿ ಹಾನಗಲ್ಲಿನ ಅಡಿಕೆ ತೋಟವಾಗಲಿ, ಬೇಸಿಗೆಯಲ್ಲಿ ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪ್ ಹತ್ತು ದಿನ ನಿಂತರೆ ಬೆಳೆ ಒಣಗುತ್ತದೆ. ಆದುದರಿಂದ ಈ ವ್ಯಾಪಾರದಲ್ಲಿ ಜಗಳ ಹುಟ್ಟುವುದು ಬಹುತೇಕ ಬೆಲೆಯ ಬಗೆಗಲ್ಲ, ವಾರಂಟಿಯ ಬಗೆಗೆ. ಕಾರ್ಡಿನಲ್ಲಿ ಒಂದು ಶರತ್ತು, ಬಿಲ್ಲಿನಲ್ಲಿ ಇನ್ನೊಂದು, ಅಂಗಡಿಯಲ್ಲಿ ಹೇಳಿದ ಮಾತು ಮತ್ತೊಂದು ಆದಾಗ ನಷ್ಟ ಇಬ್ಬರಿಗೂ ತಪ್ಪದು. ಇದನ್ನು ಸರಿಪಡಿಸುವ ಬಗೆಯನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಅವಧಿ ಎಂದಿನಿಂದ?

ಪಂಪ್ ಉದ್ಯಮದ ವಾರಂಟಿ ಕಾರ್ಡುಗಳಲ್ಲಿ ‘ಅಳವಡಿಸಿದ ದಿನದಿಂದ 12 ತಿಂಗಳು ಅಥವಾ ಕಾರ್ಖಾನೆಯಿಂದ ರವಾನೆಯಾದ ದಿನದಿಂದ 18 ತಿಂಗಳು, ಇವೆರಡರಲ್ಲಿ ಯಾವುದು ಮೊದಲೋ ಅದು’ ಎಂಬ ಒಕ್ಕಣೆ ಸಾಮಾನ್ಯ. ಕಾರ್ಖಾನೆಯಿಂದ 2023ರ ಮಾರ್ಚ್ 10ರಂದು ಹೊರಟ ಪಂಪು ಹಾನಗಲ್ಲಿನ ಅಂಗಡಿಯಲ್ಲಿ ದಾಸ್ತಾನಿದ್ದು, ಡಿಸೆಂಬರ್ 8ರಂದು ರೈತನ ಬಾವಿಗೆ ಇಳಿಯಿತು ಎಂದಿಟ್ಟುಕೊಳ್ಳೋಣ. 2024ರ ಅಕ್ಟೋಬರ್ 20ರಂದು ಮೋಟಾರು ಸುಟ್ಟಿತು. ರೈತನ ಲೆಕ್ಕದಲ್ಲಿ ಒಂದು ವರ್ಷ ತುಂಬಿಲ್ಲ. ಕಂಪನಿಯ ಲೆಕ್ಕದಲ್ಲಿ 18 ತಿಂಗಳು ಸೆಪ್ಟೆಂಬರ್ 10ಕ್ಕೇ ಮುಗಿದಿದೆ. ಅಂದರೆ ಒಂದು ವರ್ಷವೆಂದು ತಿಳಿದು ಕೊಂಡವನಿಗೆ ದಕ್ಕಿದ್ದು ಒಂಬತ್ತು ತಿಂಗಳು ಮಾತ್ರ.

ಇಲ್ಲಿ ಕಂಪನಿ ಕಾರ್ಡಿಗೆ ವಿರುದ್ಧವಾಗಿ ನಡೆದಿಲ್ಲ, ರೈತನೂ ಸುಳ್ಳು ಹೇಳಿಲ್ಲ. ಮಾರಾಟದ ದಿನವೇ ಬಿಲ್ಲಿನ ಮೇಲೆ ‘ಈ ಪಂಪಿನ ವಾರಂಟಿ 2024ರ ಸೆಪ್ಟೆಂಬರ್ 10ಕ್ಕೆ ಕೊನೆಗೊಳ್ಳುತ್ತದೆ’ ಎಂದು ಕೊನೆಯ ದಿನಾಂಕವನ್ನೇ ಬರೆದಿದ್ದರೆ ವಿವಾದಕ್ಕೆ ಎಡೆಯಿರುತ್ತಿರಲಿಲ್ಲ. ಬದಲಿಗೆ ಮಾರಾಟಗಾರರು ಬಿಲ್ಲಿನ ಮೇಲೆ ‘ಒಂದು ವರ್ಷ ಗ್ಯಾರಂಟಿ’ ಎಂದು ಕೈಬರಹದಲ್ಲಿ ಬರೆದಿದ್ದರೆ ಅದು ಅವರ ಸ್ವಂತ ಕರಾರಾಗುತ್ತದೆ. 1930ರ ಸರಕು ಮಾರಾಟ ಅಧಿನಿಯಮದ 12ನೆಯ ಕಲಮಿನಂತೆ ವಾರಂಟಿಯನ್ನು ಮುರಿದಾಗ ಖರೀದಿದಾರನಿಗೆ ನಷ್ಟಪರಿಹಾರ ಕೇಳುವ ಹಕ್ಕುಂಟು. ಉಳಿದ ಅವಧಿಯ ಹೊಣೆ ಆಗ ಅಂಗಡಿಯವರ ಮೇಲೆಯೇ ಬೀಳುವ ಸಂಭವವಿದೆ.

ಯಾವುದಕ್ಕೆ ವಾರಂಟಿ ಇಲ್ಲ?

‘ವಿದ್ಯುತ್ ದೋಷ ಹಾಗೂ ಅಸಮರ್ಪಕ ಬಳಕೆಯಿಂದಾದ ಹಾನಿಗೆ ವಾರಂಟಿ ಇರುವುದಿಲ್ಲ’ ಎಂಬ ಸಾಲು ಎಲ್ಲವನ್ನೂ ಹೊರಗಿಡುತ್ತದೆ, ಯಾವುದನ್ನೂ ತಿಳಿಸುವುದಿಲ್ಲ. ಮೋಟಾರು ಸುಡುವುದೆಲ್ಲ ಒಂದರ್ಥದಲ್ಲಿ ವಿದ್ಯುತ್ ದೋಷವೇ. ಆದರೆ ಬಿಚ್ಚಿದ ವೈಂಡಿಂಗು ಕಾರಣವನ್ನು ಬಹುಮಟ್ಟಿಗೆ ತಾನೇ ತೋರಿಸುತ್ತದೆ. ಮೂರು ಫೇಸುಗಳಲ್ಲಿ ಒಂದು ಕಡಿದು ಓಡಿದ ಮೋಟಾರಿನಲ್ಲಿ ಸುರುಳಿಗಳು ಅಸಮವಾಗಿ ಸುಟ್ಟಿರುತ್ತವೆ. ಸ್ಟಾರ್ ಜೋಡಣೆಯಾದರೆ ಎರಡು ಫೇಸಿನ ಸುರುಳಿಗಳು, ಡೆಲ್ಟಾ ಆದರೆ ಒಂದು ಫೇಸಿನವು ಕರಗಿ ಕಪ್ಪಾಗಿ, ಉಳಿದವು ಬಹುತೇಕ ಹಾಗೆಯೇ ಇರುತ್ತವೆ. ವೋಲ್ಟೇಜು ಇಳಿದಾಗ ಅಥವಾ ಹೊರೆ ಹೆಚ್ಚಾದಾಗ ಮೂರೂ ಫೇಸುಗಳು ಒಂದೇ ಸಮನೆ ಬೆಂದಿರುತ್ತವೆ. ನೀರಿಲ್ಲದೆ ಓಡಿದ ಪಂಪಿನಲ್ಲಿ ಬುಷ್ ಮತ್ತು ಬೇರಿಂಗುಗಳು ಉಜ್ಜಿ ಸವೆದಿರುತ್ತವೆ. ಉಳಿದ ಸುರುಳಿಗಳು ಚೆನ್ನಾಗಿದ್ದು ಒಂದೇ ಕಡೆ ಚುಕ್ಕೆಯಂತೆ ಸುಟ್ಟಿದ್ದರೆ ತಂತಿಯ ಹೊದಿಕೆಯ ದೋಷವನ್ನು ಶಂಕಿಸಬೇಕು. ಸಿಡಿಲು ಅಥವಾ ಹಠಾತ್ ಏರಿದ ವೋಲ್ಟೇಜಿನಿಂದಲೂ ಇಂತಹ ಗುರುತು ಬೀಳಬಹುದಾದ್ದರಿಂದ ಇದೊಂದನ್ನೇ ನೋಡಿ ತೀರ್ಪು ಕೊಡಲಾಗದು.

ಆದಕಾರಣ ವಿನಾಯಿತಿಗಳನ್ನು ಕಣ್ಣಿಗೆ ಕಾಣುವ ಗುರುತಿನ ಮೂಲಕ ಬರೆಯುವುದು ಲೇಸು. ಉದಾಹರಣೆಗೆ: ‘ಫೇಸ್ ಕಡಿದಾಗ ಮೋಟಾರನ್ನು ನಿಲ್ಲಿಸುವ ಸಾಧನವಿಲ್ಲದ ಸ್ಟಾರ್ಟರಿನಲ್ಲಿ ಅಥವಾ ಫೇಸ್ ಕನ್ವರ್ಟರಿನ ಮೇಲೆ ಓಡಿಸಿ, ಒಂದು ಅಥವಾ ಎರಡು ಫೇಸಿನ ಸುರುಳಿಗಳು ಮಾತ್ರ ಸುಟ್ಟಿದ್ದರೆ ವಾರಂಟಿ ಇಲ್ಲ. ಒಂದೇ ಜಾಗದಲ್ಲಿ ಚುಕ್ಕೆಯಾಗಿ ಸುಟ್ಟಿದ್ದರೆ, ವಿದ್ಯುತ್ ಆಘಾತದ ಬೇರೆ ಗುರುತುಗಳಿಲ್ಲದಿದ್ದಲ್ಲಿ, ವಾರಂಟಿ ಉಂಟು.’ ರಾತ್ರಿ ವಿದ್ಯುತ್ ಬಂದೊಡನೆ ಆಟೋ ಸ್ಟಾರ್ಟರಿನಿಂದ ತಾನೇ ಚಾಲೂ ಆಗುವ ಪಂಪುಗಳ ಬಳಿ ನೋಡುವವರು ಯಾರೂ ಇರುವುದಿಲ್ಲ. ಆದುದರಿಂದ ಈ ಶರತ್ತನ್ನು ಮಾರುವಾಗಲೇ ಓದಿ ಹೇಳತಕ್ಕದ್ದು. ರಕ್ಷಣಾ ಸಾಧನವಿದ್ದೂ ಅದು ಕೆಲಸಮಾಡದೆ ಮೋಟಾರು ಸುಟ್ಟರೆ ಹೊಣೆ ಯಾರದೆಂಬುದನ್ನೂ ಬರೆಯಬೇಕು. ಪಂಪು, ಸ್ಟಾರ್ಟರು ಎರಡನ್ನೂ ಒಂದೇ ಅಂಗಡಿಯಲ್ಲಿ ಕೊಂಡವನು ಉತ್ತರ ಕೇಳುವುದು ಅಲ್ಲಿಯೇ.

ಬೇಡಿಕೆ ಸಲ್ಲಿಸುವ ಕ್ರಮ

ಪಂಪು ಸುಟ್ಟೊಡನೆ ರೈತನು ಮೇಲೆತ್ತಿಸಿ ಹತ್ತಿರದ ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತಾನೆ. ಮೋಟಾರು ಬಿಚ್ಚಿದ ಕ್ಷಣದಲ್ಲಿ ವಾರಂಟಿ ರದ್ದಾಗುತ್ತದೆ, ಸಾಕ್ಷ್ಯವೂ ಅಳಿಯುತ್ತದೆ. ಇದು ಕಾರ್ಡಿನ ಕೊನೆಯ ಸಾಲಿನಲ್ಲಿ ಅಡಗಿರಬಾರದು, ಮೊದಲ ಸಾಲಾಗಬೇಕು: ‘ಮೋಟಾರನ್ನು ಬಿಚ್ಚಬೇಡಿ. ಮೊದಲು ನಮಗೆ ತಿಳಿಸಿ.’ ಆ ಬಳಿಕ ನಾಲ್ಕೇ ಹೆಜ್ಜೆಗಳು ಸಾಕು. ದೂರನ್ನು ಅಂಗಡಿಯ ಪುಸ್ತಕದಲ್ಲಿ ಅಂದೇ ನಮೂದಿಸಿ ಕ್ರಮಸಂಖ್ಯೆ ಕೊಡುವುದು. ಬಿಲ್ಲು ಮತ್ತು ಕಾರ್ಡಿನೊಡನೆ ಪಂಪನ್ನು ಪಡೆದು ರಸೀದಿ ನೀಡುವುದು. ಏಳು ದಿನಗಳೊಳಗೆ ಗ್ರಾಹಕರ ಎದುರಿನಲ್ಲಿಯೇ ಬಿಚ್ಚಿ ವೈಂಡಿಂಗಿನ ಛಾಯಾಚಿತ್ರ ತೆಗೆಯುವುದು. ಕಂಡ ಗುರುತನ್ನೂ ತೀರ್ಮಾನವನ್ನೂ ಬರೆದು ಒಂದು ಪ್ರತಿ ಕೊಡುವುದು. ದಿನಗಳ ಸಂಖ್ಯೆಯನ್ನು ಕಂಪನಿಯ ಸೇವಾಕೇಂದ್ರದೊಡನೆ ಮಾತಾಡಿಯೇ ನಿಗದಿಪಡಿಸತಕ್ಕದ್ದು. ಪಂಪು ಎತ್ತುವ ಕೂಲಿ ಯಾರದು, ಅಂಗಡಿಯಿಂದ ಹುಬ್ಬಳ್ಳಿಗೆ ಸಾಗಿಸುವ ಬಾಡಿಗೆ ಯಾರದು ಎಂಬುದೂ ಅದೇ ಹಾಳೆಯಲ್ಲಿರಲಿ.

ಬಿಲ್ಲಿನ ಎರಡು ಹಳೆಯ ಸಾಲುಗಳು

ಅಂಗಡಿಯ ಬಿಲ್ಲುಗಳಲ್ಲಿ ರೂಢಿಯಾಗಿ ಅಚ್ಚಾಗುವ ಎರಡು ಸಾಲುಗಳು ಕಾರ್ಡಿಗೆ ಹೊಂದುವುದಿಲ್ಲ. ಮೊದಲನೆಯದು ‘ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬುದು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ಎರಡನೆಯದು ‘ನ್ಯಾಯವ್ಯಾಪ್ತಿ ಕೊಯಮತ್ತೂರು ಮಾತ್ರ’ ಎಂಬಂತಹ ಸಾಲು. ಅದೇ ಅಧಿನಿಯಮದ 34ನೆಯ ಕಲಮಿನಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಆದ್ದರಿಂದ ಹಿರೇಕೆರೂರಿನ ರೈತನ ದೂರಿಗೆ ಮಾರಾಟಗಾರರು ಹಾವೇರಿಯಲ್ಲಿ ಉತ್ತರಿಸಬೇಕಾದೀತು. ಉಳಿಯದ ಸಾಲನ್ನು ಅಚ್ಚುಹಾಕಿಸಿ ಗ್ರಾಹಕನ ಅನುಮಾನಕ್ಕೆ ಗುರಿಯಾಗುವುದಕ್ಕಿಂತ ತೆಗೆದುಹಾಕುವುದೇ ಮೇಲು.

ಕಂಪನಿಯ ಶರತ್ತುಗಳನ್ನು ಬದಲಿಸುವ ಅಧಿಕಾರ ಮಾರಾಟಗಾರರಿಗಿಲ್ಲವೆಂಬುದು ನಿಜ. ಅವರು ಮಾಡಬಹುದಾದುದು ಇಷ್ಟು: ಕಾರ್ಡಿನ ಶರತ್ತುಗಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಬರೆದು, ಕಂಪನಿಯಿಂದ ಪತ್ರಮುಖೇನ ಒಪ್ಪಿಗೆ ಪಡೆದು, ಬಿಲ್ಲಿಗೆ ಲಗತ್ತಿಸಿ ಗ್ರಾಹಕರ ಸಹಿ ಪಡೆಯುವುದು. ಆ ಹಾಳೆಗೂ ಕಾರ್ಡಿಗೂ ಬಿಲ್ಲಿಗೂ ದೂರಿನ ಪುಸ್ತಕಕ್ಕೂ ಒಂದೇ ಪದಗಳನ್ನು ಬಳಸಬೇಕು. ಒಂದೆಡೆ ‘ಮಾರಾಟದ ದಿನ’, ಇನ್ನೊಂದೆಡೆ ‘ಅಳವಡಿಸಿದ ದಿನ’ ಎಂದಿದ್ದರೆ ಮೊದಲಿನ ಒಂಬತ್ತು ತಿಂಗಳ ಕಥೆ ಮತ್ತೆ ಆರಂಭವಾದಂತೆಯೇ ಸರಿ. ಬರುವ ಬೇಸಿಗೆಯ ಮಾರಾಟಕ್ಕೆ ಹೊಸ ಬಿಲ್ ಪುಸ್ತಕ ಅಚ್ಚುಹಾಕಿಸುವ ಮುನ್ನ ಸದಸ್ಯರು ಈ ನಾಲ್ಕೂ ಕಾಗದಗಳನ್ನು ಒಂದೇ ಮೇಜಿನ ಮೇಲಿಟ್ಟು ಓದಿ ನೋಡಬೇಕಾಗಿ ವಿನಂತಿ.